‘ವಿಷಯ ಚೆನ್ನಾಗಿ ಗೊತ್ತು’ ಎಂಬುದನ್ನು ಅರ್ಜಿಪತ್ರದಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ: ನಾನು ಚಿತ್ರದುರ್ಗದವನು. ದಾವಣಗೆರೆಯ ಶಿವಗಂಗೋತ್ರಿಯಲ್ಲಿ ರಸಾಯನಶಾಸ್ತ್ರದ ಪಿಎಚ್‌.ಡಿ.ಗೆ ಸೇರಿ ಇದು ಮೊದಲ ವರ್ಷ. ದಿನವೂ ಬಸ್ಸಿನಲ್ಲಿ ಓಡಾಡುತ್ತೇನೆ. ಎಂ.ಎಸ್ಸಿ. ಮೊದಲ ಸೆಮಿಸ್ಟರ್‌ನ ಇನಾರ್ಗ್ಯಾನಿಕ್ ಪ್ರಾಯೋಗಿಕ ತರಗತಿಗೆ ಬೋಧನಾ ಸಹಾಯಕರು ಬೇಕೆಂದು ವಿಭಾಗದಲ್ಲಿ ಸೂಚನೆ ಹಾಕಿದ್ದಾರೆ. ವಿಷಯಜ್ಞಾನ ಮತ್ತು ವಾರದಲ್ಲಿ ಯಾವಾಗ ಸಿಗುತ್ತೀರಿ ಎಂಬುದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ ಎಂದಿದೆ. ‘ನನಗೆ ವಿಷಯದಲ್ಲಿ ಉತ್ತಮ ಜ್ಞಾನವಿದೆ, ವಾರದ ಎಲ್ಲ ದಿನವೂ ಲಭ್ಯವಿದ್ದೇನೆ’ ಎಂದು ಬರೆದಿದ್ದೇನೆ. ಸೋಮವಾರ, ಬುಧವಾರ ಬೆಳಿಗ್ಗೆ ಕೋರ್ಸ್‌ವರ್ಕ್ ಇದೆ, ಶುಕ್ರವಾರ ಉಪಕರಣದ ಸರದಿ ಇದೆ. ಪತ್ರ ಇಷ್ಟೇ ಸಾಕೇ?

ಉತ್ತರ:

ಸಾಲದು. ನಿಮ್ಮ ಎರಡನೆಯ ವಾಕ್ಯವಂತೂ ನಿಮಗೆ ತೊಂದರೆಯನ್ನೇ ತರುತ್ತದೆ. ಕೋರ್ಸ್‌ವರ್ಕ್ ಯಾವ ದಿನ ಎಂಬುದು ವಿಭಾಗದ ಮುಖ್ಯಸ್ಥರಿಗೆ ಗೊತ್ತು, ಆ ವೇಳಾಪಟ್ಟಿಗೆ ಸಹಿ ಹಾಕಿದವರೇ ಅವರು. ಸೋಮವಾರ ಬೆಳಿಗ್ಗೆ ತರಗತಿಯಲ್ಲಿರಬೇಕಾದವರು ‘ಎಲ್ಲ ದಿನವೂ ಲಭ್ಯ’ ಎಂದು ಬರೆದರೆ, ಈ ಅರ್ಜಿದಾರರು ತಮ್ಮ ವಾರವನ್ನೇ ಸರಿಯಾಗಿ ನೋಡಿಕೊಂಡಿಲ್ಲ ಎಂದು ಅವರಿಗೆ ಅನ್ನಿಸುತ್ತದೆ. ಮೊದಲನೆಯ ವಾಕ್ಯದಿಂದ ಹಾನಿಯಿಲ್ಲ. ಆದರೆ ಅರ್ಜಿ ಹಾಕುವ ಎಲ್ಲರೂ ಅದನ್ನೇ ಬರೆಯುತ್ತಾರೆ. ಓದುವವರ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ.

ಈ ಪತ್ರವನ್ನು ಓದುವವರು ಯಾರು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಒಬ್ಬರು ವಿಭಾಗದ ಮುಖ್ಯಸ್ಥರು, ಇನ್ನೊಬ್ಬರು ಆ ಪ್ರಾಯೋಗಿಕ ತರಗತಿಯ ಹೊಣೆ ಹೊತ್ತ ಅಧ್ಯಾಪಕರು. ಇಬ್ಬರೂ ನಿಮ್ಮನ್ನು ಬಲ್ಲವರು. ನಿಮ್ಮ ಎಂ.ಎಸ್ಸಿ. ಅಂಕಗಳು ಅವರ ಕಡತದಲ್ಲಿಯೇ ಇರುತ್ತವೆ. ಅವರಿಗೆ ಗೊತ್ತಿಲ್ಲದ ಸಂಗತಿಗಳು ಎರಡು. ಟೈಟ್ರೇಷನ್ ಮಾಡುತ್ತಿರುವ ವಿದ್ಯಾರ್ಥಿ ತಪ್ಪಿದಾಗ, ಎಲ್ಲಿ ತಪ್ಪಿದ ಎಂದು ನೀವು ಕಂಡುಹಿಡಿಯಬಲ್ಲಿರಾ? ಟೈಮ್‌ಟೇಬಲ್ಲಿನ ಯಾವ ಚೌಕದಲ್ಲಿ ನಿಮ್ಮ ಹೆಸರನ್ನು ನಿಶ್ಚಿಂತೆಯಿಂದ ಬರೆಯಬಹುದು? ಪತ್ರ ಇವೆರಡಕ್ಕೆ ಉತ್ತರ ಕೊಟ್ಟರೆ ಒಂದು ಪುಟದಲ್ಲಿ ಮುಗಿಯುತ್ತದೆ. ಅದಕ್ಕಿಂತ ಉದ್ದ ಬೇಡ.

ವಿಷಯಜ್ಞಾನದ ಭಾಗವನ್ನು ಬರೆಯುವಾಗ ಹೆಚ್ಚಿನವರು ತಾವು ಓದಿದ ಪತ್ರಿಕೆಗಳ ಹೆಸರುಗಳನ್ನು ಸಾಲಾಗಿ ಜೋಡಿಸುತ್ತಾರೆ. ಆ ಪಟ್ಟಿಯ ಜಾಗ ಲಗತ್ತಿಸುವ ವ್ಯಕ್ತಿವಿವರ. ಪತ್ರದಲ್ಲಿ ಒಂದೇ ಪ್ರಯೋಗವನ್ನು ಆರಿಸಿಕೊಳ್ಳಿ, ಅದರಲ್ಲಿ ವಿದ್ಯಾರ್ಥಿಗಳು ಎಡವುವ ಒಂದೆರಡು ಜಾಗಗಳನ್ನು ಹೆಸರಿಸಿ, ಅದನ್ನು ಹೇಗೆ ಗುರುತಿಸುತ್ತೀರಿ ಎಂದು ಹೇಳಿ. ಬೋಧನಾ ಸಹಾಯಕರಿಗೆ ಬೇಕಾದ ಜ್ಞಾನ ಇದೇ. ಪಠ್ಯದಲ್ಲಿರುವ ವಿಧಾನವನ್ನು ವಿದ್ಯಾರ್ಥಿಯೂ ಓದಿಕೊಂಡೇ ಬಂದಿರುತ್ತಾನೆ. ಫಲಿತಾಂಶ ಬರದೇ ಇದ್ದಾಗ ಪಕ್ಕದಲ್ಲಿ ನಿಂತವರಿಗೆ ಏನು ತೋಚುತ್ತದೆ ಎಂಬುದರ ಮೇಲೆ ಪ್ರಾಯೋಗಿಕದ ಆ ನಾಲ್ಕು ತಾಸು ನಡೆಯುತ್ತದೆ.

ಯಾವ ಪ್ರಯೋಗ ಎಂದು ಕೇಳಿದರೆ, ನೀರಿನ ಗಡಸುತನವನ್ನು ಇಡಿಟಿಎಯಿಂದ ಅಳೆಯುವುದನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ವಿದ್ಯಾರ್ಥಿಗಳು ಊರಿನಿಂದ ಬಾಟಲಿಯಲ್ಲಿ ಕೊಳವೆಬಾವಿಯ ನೀರು ತರಬಲ್ಲರು. ಪ್ರಯೋಗ ಸರಳವಾಗಿ ಕಾಣುತ್ತದೆ, ಆದರೆ ತಪ್ಪಲು ಜಾಗ ಬಹಳ. ನೀರಿಗೆ ಅಮೋನಿಯಾ ಮತ್ತು ಅಮೋನಿಯಂ ಕ್ಲೋರೈಡಿನ ಬಫರ್ ಹಾಕಿ ಪಿಎಚ್ 10ಕ್ಕೆ ತಂದು, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕವನ್ನು ಚಿಟಿಕೆಯಷ್ಟು ಬೆರೆಸಿ, 0.01 ಮೋಲಾರ್ ಇಡಿಟಿಎಯನ್ನು ಬ್ಯುರೆಟ್‌ನಿಂದ ಬಿಡುತ್ತಾ ಹೋಗುತ್ತೇವೆ. ವೈನ್ ಕೆಂಪು ಬಣ್ಣ ಹೋಗಿ ಅಚ್ಚ ನೀಲಿ ಬಂದಾಗ ಮುಗಿಯಿತು.

ಇಲ್ಲಿ ಮೂರು ಕಡೆ ತಪ್ಪು ನಡೆಯುತ್ತದೆ. ಒಂದನೆಯದು ಬಫರ್. ಬಾಟಲಿಯ ಮುಚ್ಚಳ ಸಡಿಲವಾಗಿದ್ದರೆ ಅಮೋನಿಯಾ ಆರಿಹೋಗಿ, ಹಾಕಿದ ಬಫರ್ ಪಿಎಚ್ ಅನ್ನು 10ಕ್ಕೆ ತರುವುದಿಲ್ಲ. ಆಗ ಬಣ್ಣ ಒಮ್ಮೆಲೇ ತಿರುಗದೆ ನೇರಳೆಯಲ್ಲಿ ತೂಗಾಡುತ್ತದೆ. ವಿದ್ಯಾರ್ಥಿ ತನ್ನ ಕಣ್ಣೇ ಸರಿಯಿಲ್ಲ ಎಂದುಕೊಂಡು ಇಡಿಟಿಎ ಬಿಡುತ್ತಲೇ ಇರುತ್ತಾನೆ. ಇಡೀ ಸಾಲಿನ ಮೇಜುಗಳಲ್ಲಿ ಒಂದೇ ದೂರು ಬಂದರೆ ತಪ್ಪು ಕೈಯದ್ದಲ್ಲ, ಬಾಟಲಿಯದ್ದು. ಹೊಸ ಬಫರ್ ತೆಗೆದು ಒಂದು ಫ್ಲಾಸ್ಕಿನಲ್ಲಿ ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಎರಡನೆಯದು ನಿಧಾನ. ಬಫರ್ ಹಾಕಿಟ್ಟು ಗೆಳೆಯನೊಂದಿಗೆ ಮಾತಿಗೆ ನಿಂತರೆ, ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಆ ಹೆಚ್ಚಿನ ಪಿಎಚ್‌ನಲ್ಲಿ ಕಾರ್ಬೊನೇಟಾಗಿ ಕಂತಲು ತೊಡಗುತ್ತದೆ. ನೀಲಿ ಬಂತೆಂದು ಬರೆದುಕೊಂಡ ಮೇಲೆ ಆ ಕಂತಿದ್ದು ನಿಧಾನಕ್ಕೆ ಕರಗಿ ಬಣ್ಣ ಮತ್ತೆ ಕೆಂಪಾಗುತ್ತದೆ. ಬಫರ್ ಹಾಕಿದ ಐದು ನಿಮಿಷದೊಳಗೆ ಟೈಟ್ರೇಷನ್ ಮುಗಿಸಬೇಕು ಎಂಬ ನಿಯಮ ಇದಕ್ಕಾಗಿಯೇ ಇದೆ. ಆದರೆ ಕೊನೆಯ ಹನಿಗಳಲ್ಲಿ ಆತುರವೂ ಸಲ್ಲದು. ಮೆಗ್ನೀಸಿಯಂ ಸೂಚಕವನ್ನು ಬಿಟ್ಟುಕೊಡಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಕೆಂಪಿನ ಛಾಯೆ ತೆಳುವಾದ ಮೇಲೆ ಹನಿಯಿಂದ ಹನಿಗೆ ತಡೆದು, ಫ್ಲಾಸ್ಕನ್ನು ತಿರುಗಿಸಿ ನೋಡಬೇಕು. ‘ಬೇಗ ಮುಗಿಸು’ ಮತ್ತು ‘ನಿಧಾನಿಸು’ ಎಂಬ ಎರಡು ಮಾತನ್ನೂ ಒಂದೇ ಪ್ರಯೋಗದಲ್ಲಿ ಹೇಳಬೇಕಾಗುತ್ತದೆ. ಯಾವುದನ್ನು ಯಾವಾಗ ಹೇಳಬೇಕು ಎಂದು ಗೊತ್ತಿರುವವರೇ ವಿಭಾಗಕ್ಕೆ ಬೇಕಾದವರು.

ಮೂರನೆಯದು ಲೆಕ್ಕ. ನಿಮ್ಮ ಪತ್ರಕ್ಕೆ ಇದು ಬಹಳ ಒದಗುತ್ತದೆ, ಏಕೆಂದರೆ ಇದನ್ನು ನಾಲ್ಕು ಸಾಲಿನಲ್ಲಿ ಹೇಳಬಹುದು ಮತ್ತು ಓದಿದವರು ತಕ್ಷಣ ಒಪ್ಪುತ್ತಾರೆ. 0.01 ಮೋಲಾರ್ ಇಡಿಟಿಎಯ ಒಂದು ಮಿಲಿಲೀಟರ್ ಒಂದು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ನೀರು ತುಂಬ ಗಡಸಾಗಿದ್ದರೆ 50 ಮಿ.ಲೀ. ಮಾದರಿಗೆ ಇಡಿಟಿಎ ಬಹಳ ಖರ್ಚಾಗಿ ಐದು ನಿಮಿಷದ ಗಡುವು ಮೀರುತ್ತದೆ. ಆದ್ದರಿಂದ 25 ಮಿ.ಲೀ. ನೀರನ್ನು ಪಿಪೆಟ್‌ನಲ್ಲಿ ತೆಗೆದುಕೊಂಡು, ಡಿಸ್ಟಿಲ್ಡ್ ನೀರು ಸೇರಿಸಿ 50 ಮಿ.ಲೀ. ಮಾಡಿಕೊಳ್ಳುತ್ತೇವೆ. ಬ್ಯುರೆಟ್ಟಿನಲ್ಲಿ 13.0 ಮಿ.ಲೀ. ಬಂತು ಎನ್ನೋಣ. 13 ಮಿಲಿಗ್ರಾಂ ಇರುವುದು 25 ಮಿ.ಲೀ. ನೀರಿನಲ್ಲಿ, ಅಂದರೆ ಲೀಟರಿಗೆ 520 ಮಿಲಿಗ್ರಾಂ. ವಿದ್ಯಾರ್ಥಿ ಫ್ಲಾಸ್ಕಿನಲ್ಲಿರುವ 50 ಮಿ.ಲೀ.ಯನ್ನೇ ಲೆಕ್ಕಕ್ಕೆ ಹಿಡಿದರೆ 260 ಎಂದು ಬರೆಯುತ್ತಾನೆ. ಸೇರಿಸಿದ ಡಿಸ್ಟಿಲ್ಡ್ ನೀರಿನಲ್ಲಿ ಗಡಸುತನ ಇರಲಿಲ್ಲ, ಹಾಗಾಗಿ ಅದು ಲೆಕ್ಕಕ್ಕೆ ಬರಬಾರದು ಎಂಬುದು ಅವನಿಗೆ ಹೊಳೆದಿರುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಟ್ಟು ಗಡಸುತನಕ್ಕೆ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದಾಗ ಒಪ್ಪಬಹುದಾದ ಗರಿಷ್ಠ 600. ತಪ್ಪಿದ ಲೆಕ್ಕ 520ರ ನೀರನ್ನು ಕೆಳಗಿನ ಮಿತಿಯ ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ. ಉತ್ತರ ನಿಖರವಾಗಿ ಅರ್ಧ ಬಂದಾಗಲೆಲ್ಲ ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಪಿಪೆಟ್ಟಿನ ಅಳತೆಯನ್ನು.

ನಮ್ಮ ಕಡೆಯ ವಿದ್ಯಾರ್ಥಿಗಳು ಇನ್ನೊಂದು ಪ್ರಶ್ನೆ ಕೇಳಬಹುದು: ‘ಇದರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಗೊತ್ತಾಗುತ್ತದೆಯೇ?’ ಗೊತ್ತಾಗುವುದಿಲ್ಲ. ಇಡಿಟಿಎ ಹಿಡಿಯುವುದು ಲೋಹದ ಅಯಾನುಗಳನ್ನು, ಫ್ಲೋರೈಡನ್ನು ಅಳೆಯಲು ಬೇರೆ ವಿಧಾನ ಬೇಕು. ಪತ್ರದಲ್ಲಿ ಇದನ್ನು ಸೇರಿಸುವ ಅಗತ್ಯವಿಲ್ಲ, ಆದರೆ ಸಂದರ್ಶನಕ್ಕೆ ಕರೆದರೆ ಈ ಪ್ರಶ್ನೆಗೆ ಸಿದ್ಧರಾಗಿರಿ. ಪತ್ರದಲ್ಲಿ ಬರೆದ ಪ್ರಯೋಗದ ಸುತ್ತಲೇ ಅವರು ಕೇಳುತ್ತಾರೆ. ಅದಕ್ಕಾಗಿಯೇ ನಿಮ್ಮ ಕೈಯಾರೆ ಮಾಡದ ಪ್ರಯೋಗವನ್ನು ಹೆಸರಿಸಬೇಡಿ. ನೀವು ಬೇರೆ ಟೈಟ್ರೇಷನ್ನಿನಲ್ಲಿ ಹೆಚ್ಚು ಪಳಗಿದ್ದರೆ ಅದನ್ನೇ ಬರೆಯಿರಿ. ಪರ್ಮಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಪ್ರಯೋಗವಾದರೆ, ಮೊದಲ ಹನಿಗಳ ಬಣ್ಣ ಏಕೆ ಬೇಗ ಹೋಗುವುದಿಲ್ಲ, ಗಂಧಕಾಮ್ಲ ಕಡಿಮೆಯಾದಾಗ ಏಕೆ ಕಂದು ಗಸಿ ಕಟ್ಟುತ್ತದೆ ಎಂಬುದು ಅಷ್ಟೇ ಚೆನ್ನಾಗಿ ನಿಮ್ಮ ತಿಳಿವನ್ನು ತೋರಿಸುತ್ತದೆ.

ಗೊತ್ತಿಲ್ಲದ್ದನ್ನು ಒಂದು ವಾಕ್ಯದಲ್ಲಿ ಹೇಳುವುದೂ ಒಳ್ಳೆಯದು. ಆರ್ಗ್ಯಾನಿಕ್ ತಯಾರಿಕೆಗಳಲ್ಲಿ ನಿಮಗೆ ಎಂ.ಎಸ್ಸಿ. ತರಗತಿಯ ಅನುಭವ ಮಾತ್ರ ಇದ್ದರೆ ಹಾಗೆಂದೇ ಬರೆಯಿರಿ. ಯಾರನ್ನು ಯಾವ ಬ್ಯಾಚಿಗೆ ಹಾಕಬೇಕೆಂದು ನಿರ್ಧರಿಸುವವರಿಗೆ ಅದು ಉಪಕಾರ.

ಈಗ ವಾರದ ಲೆಕ್ಕ. ಯುಜಿಸಿ 2022ರಲ್ಲಿ ಹೊರಡಿಸಿದ ಪಿಎಚ್‌.ಡಿ. ನಿಯಮಾವಳಿಯಲ್ಲಿ ಸಂಶೋಧನಾರ್ಥಿಗಳಿಗೆ ವಾರಕ್ಕೆ 4ರಿಂದ 6 ತಾಸು ಬೋಧನಾ ಅಥವಾ ಸಂಶೋಧನಾ ಸಹಾಯಕರ ಕೆಲಸ ಕೊಡಬಹುದು ಎಂದಿದೆ. ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನ ಎಲ್ಲವೂ ಇದರೊಳಗೇ ಬರುತ್ತವೆ. ಹಾಗಾಗಿ 12 ತಾಸು ಕೊಡುತ್ತೇನೆ ಎಂದು ಬರೆದರೆ ಅದು ಉತ್ಸಾಹವಾಗಿ ಕಾಣುವುದಿಲ್ಲ, ನಿಯಮ ಓದಿಲ್ಲ ಎಂದು ಕಾಣುತ್ತದೆ. 6 ತಾಸನ್ನು ಮೇಲಿನ ಗೆರೆ ಎಂದು ಹಿಡಿದು ಅದರೊಳಗೆ ಕೆಲಸವನ್ನು ಹಂಚಿ ತೋರಿಸಿ.

ಹಂಚುವಾಗ ಜನ ಮರೆಯುವುದು ಪ್ರಾಯೋಗಿಕದ ಆಚೀಚೆಯ ಹೊತ್ತನ್ನು. ಮಧ್ಯಾಹ್ನ 1.30ರಿಂದ 5.30ರವರೆಗೆ ಒಂದು ಬ್ಯಾಚ್ ಎಂದರೆ 4 ತಾಸು ಅಲ್ಲಿಗೇ ಹೋಯಿತು. ತರಗತಿಗೆ ಮುಂಚೆ ಇಡಿಟಿಎಯ ಸಾಂದ್ರತೆ ಸರಿಯಿದೆಯೇ, ಬಫರ್ ಹೊಸದೇ, ಸೂಚಕ ಕೆಟ್ಟಿಲ್ಲವೇ ಎಂದು ಸಾಂದ್ರತೆ ಗೊತ್ತಿರುವ ಕ್ಯಾಲ್ಸಿಯಂ ದ್ರಾವಣದ ಮೇಲೆ ಒಂದು ಟೈಟ್ರೇಷನ್ ಮಾಡಿ ನೋಡಲು 45 ನಿಮಿಷ ಬೇಕು. ರೆಕಾರ್ಡ್ ತಿದ್ದಲು ಒಂದೂಕಾಲು ತಾಸು. ಮೂರನ್ನೂ ಕೂಡಿಸಿದರೆ 6 ತಾಸು ಪೂರ್ತಿ. ಅಂದರೆ ನೀವು ಒಂದು ಬ್ಯಾಚನ್ನು ಚೆನ್ನಾಗಿ ನಡೆಸಬಲ್ಲಿರಿ, ಎರಡನ್ನಲ್ಲ. ಎರಡು ಬ್ಯಾಚ್ ಒಪ್ಪಿಕೊಂಡವರು ರೆಕಾರ್ಡುಗಳನ್ನು ಸೆಮಿಸ್ಟರ್ ಕೊನೆಯವರೆಗೆ ಗುಡ್ಡೆ ಹಾಕಿಕೊಳ್ಳುತ್ತಾರೆ. ಆಗ 260 ಎಂದು ಬರೆದ ವಿದ್ಯಾರ್ಥಿಗೆ ತನ್ನ ತಪ್ಪು ತಿಳಿಯುವುದು ಪರೀಕ್ಷೆಯ ಹಿಂದಿನ ವಾರ.

ನಿಮ್ಮ ದಿನಗಳನ್ನು ನೋಡಿದರೆ ಮಂಗಳವಾರ ಮತ್ತು ಗುರುವಾರ ಪೂರ್ತಿ ಖಾಲಿ. ಸೋಮವಾರ ಮತ್ತು ಬುಧವಾರ ಮಧ್ಯಾಹ್ನದ ಮೇಲೆ ಖಾಲಿ. ಶುಕ್ರವಾರ ಬೇಡ. ಇದನ್ನು ಪತ್ರದಲ್ಲಿ ಹೀಗೆಯೇ, ಇಷ್ಟೇ ನೇರವಾಗಿ ಬರೆಯಿರಿ. ಮೊದಲು ಒಂದು ಖಚಿತ ದಿನ, ಆಮೇಲೆ ಅದಕ್ಕೆ ಬದಲಿ ದಿನ, ಕೊನೆಗೆ ಆಗದ ದಿನ ಮತ್ತು ಕಾರಣ. ಆಗದ ದಿನವನ್ನು ಬರೆಯಲು ಅಳುಕಬೇಡಿ. ಟೈಮ್‌ಟೇಬಲ್ ಮಾಡುವವರಿಗೆ ‘ಶುಕ್ರವಾರ ಆಗುವುದಿಲ್ಲ’ ಎಂಬ ಮಾತು ‘ಯಾವಾಗಲಾದರೂ ಆಗುತ್ತದೆ’ ಎಂಬುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಚಿತ್ರದುರ್ಗದಿಂದ ಓಡಾಡುವ ವಿಷಯವನ್ನೂ ಮುಚ್ಚಿಡಬೇಡಿ, ದೊಡ್ಡದು ಮಾಡಲೂ ಬೇಡಿ. ಎರಡು ಊರುಗಳ ನಡುವೆ ಸುಮಾರು 60 ಕಿಲೋಮೀಟರ್. ಹೆದ್ದಾರಿಯಲ್ಲಿ ಬಸ್ಸಿಗೆ ಕೊರತೆಯಿಲ್ಲ, ಆದರೆ ದಾವಣಗೆರೆ ನಿಲ್ದಾಣದಲ್ಲಿ ಇಳಿದು ಶಿವಗಂಗೋತ್ರಿಗೆ ಇನ್ನೊಂದು ಬಸ್ಸು ಹಿಡಿಯಬೇಕು. ಓದುವವರ ಮನಸ್ಸಿನಲ್ಲಿ ಏಳುವ ಸಂದೇಹ ಒಂದೇ: ತರಗತಿ 5.30 ದಾಟಿದರೆ ಈತ ಬಸ್ಸಿನ ಚಿಂತೆಯಲ್ಲಿ ಬ್ಯುರೆಟ್ ತೊಳೆಸದೆ ಹೊರಡುತ್ತಾನೆಯೇ? ‘ಪ್ರಾಯೋಗಿಕದ ದಿನ ಸಂಜೆ 6.30ರವರೆಗೆ ಪ್ರಯೋಗಾಲಯದಲ್ಲಿರುತ್ತೇನೆ’ ಎಂಬ ಒಂದು ವಾಕ್ಯ ಆ ಸಂದೇಹವನ್ನು ಮುಗಿಸುತ್ತದೆ. ಬರೆಯುವ ಮೊದಲು ಆ ಹೊತ್ತಿನ ನಂತರ ನಿಮಗೆ ನಿಜವಾಗಿಯೂ ಬಸ್ಸು ಸಿಗುತ್ತದೆಯೇ ಎಂದು ನೋಡಿಕೊಳ್ಳಿ.

ಇಷ್ಟನ್ನೂ ಕೂಡಿಸಿದರೆ ಪತ್ರ ಹೀಗೆ ಬರುತ್ತದೆ. ಸೂಚನೆ ಇಂಗ್ಲಿಷಿನಲ್ಲಿದ್ದು ಅರ್ಜಿಯನ್ನೂ ಇಂಗ್ಲಿಷಿನಲ್ಲೇ ಕೇಳಿದ್ದರೆ ಇದೇ ಕ್ರಮವನ್ನು ಇಟ್ಟುಕೊಳ್ಳಿ.

ಇವರಿಂದ: (ಹೆಸರು), ಸಂಶೋಧನಾರ್ಥಿ, ರಸಾಯನಶಾಸ್ತ್ರ ವಿಭಾಗ, ಶಿವಗಂಗೋತ್ರಿ, ದಾವಣಗೆರೆ.

ಇವರಿಗೆ: ಮುಖ್ಯಸ್ಥರು, ರಸಾಯನಶಾಸ್ತ್ರ ವಿಭಾಗ.

ಮೂಲಕ: ಸಂಶೋಧನಾ ಮಾರ್ಗದರ್ಶಕರು.

ಮಾನ್ಯರೇ,

ವಿಷಯ: ಎಂ.ಎಸ್ಸಿ. ಮೊದಲ ಸೆಮಿಸ್ಟರ್ ಇನಾರ್ಗ್ಯಾನಿಕ್ ಪ್ರಾಯೋಗಿಕ ತರಗತಿಗೆ ಬೋಧನಾ ಸಹಾಯಕನಾಗಿ ನೇಮಿಸುವಂತೆ ಕೋರಿ.

ಉಲ್ಲೇಖ: ವಿಭಾಗದ ಸೂಚನೆ ಸಂಖ್ಯೆ (…), ದಿನಾಂಕ (…).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ವಾರಕ್ಕೆ ಒಂದು ಬ್ಯಾಚಿನ ಪ್ರಾಯೋಗಿಕ ತರಗತಿಯನ್ನು ನಡೆಸಲು ನೆರವಾಗುವ ಬೋಧನಾ ಸಹಾಯಕನ ಕೆಲಸಕ್ಕೆ ಅರ್ಜಿ ಸಲ್ಲಿಸುತ್ತಿದ್ದೇನೆ.

ಈ ತರಗತಿಯ ಟೈಟ್ರೇಷನ್ ಪ್ರಯೋಗಗಳನ್ನು ನಾನು ಎಂ.ಎಸ್ಸಿ.ಯಲ್ಲಿ ಮಾಡಿದ್ದೇನೆ. ಇಡಿಟಿಎಯಿಂದ ನೀರಿನ ಗಡಸುತನ ಅಳೆಯುವಾಗ, ಮಾದರಿಯನ್ನು 25ರಿಂದ 50 ಮಿ.ಲೀ.ಗೆ ತೆಳು ಮಾಡಿಕೊಂಡು ಲೆಕ್ಕದಲ್ಲಿ 50ನ್ನೇ ಬಳಸುವುದರಿಂದ ಉತ್ತರ ಅರ್ಧಕ್ಕೆ ಇಳಿಯುತ್ತದೆ. 13.0 ಮಿ.ಲೀ. ಇಡಿಟಿಎ ಬಳಕೆಯಾದಲ್ಲಿ ಲೀಟರಿಗೆ 520 ಮಿ.ಗ್ರಾಂ. ಬರಬೇಕಾದದ್ದು 260 ಎಂದು ಬರುತ್ತದೆ. ಬಣ್ಣ ನೇರಳೆಯಲ್ಲಿ ನಿಂತರೆ ಬಫರನ್ನೂ, ನೀಲಿ ಬಂದು ಮತ್ತೆ ಕೆಂಪಾದರೆ ಕಂತಿರುವ ಕಾರ್ಬೊನೇಟನ್ನೂ ಮೊದಲು ಪರಿಶೀಲಿಸುತ್ತೇನೆ. ಇಂತಹ ತಪ್ಪುಗಳನ್ನು ಮೇಜಿನ ಬಳಿಯೇ ವಿದ್ಯಾರ್ಥಿಗೆ ತೋರಿಸಿ, ಅವರೇ ಸರಿಪಡಿಸಿಕೊಳ್ಳುವಂತೆ ಮಾಡಬಲ್ಲೆ. ಆರ್ಗ್ಯಾನಿಕ್ ತಯಾರಿಕೆಗಳಲ್ಲಿ ನನಗೆ ಎಂ.ಎಸ್ಸಿ. ತರಗತಿಯ ಅನುಭವ ಮಾತ್ರ ಇದೆ.

ವಾರಕ್ಕೆ 6 ತಾಸು ನೀಡಬಲ್ಲೆ. ಮಂಗಳವಾರ ಮಧ್ಯಾಹ್ನ 12.45ರಿಂದ 1.30ರವರೆಗೆ ದ್ರಾವಣಗಳ ಪರಿಶೀಲನೆ, 1.30ರಿಂದ 5.30ರವರೆಗೆ ತರಗತಿ, ಗುರುವಾರ ಬೆಳಿಗ್ಗೆ 11ರಿಂದ 12.15ರವರೆಗೆ ರೆಕಾರ್ಡ್ ತಿದ್ದುವುದು. ಮಂಗಳವಾರ ಹೊಂದದಿದ್ದರೆ ಗುರುವಾರ ಮಧ್ಯಾಹ್ನ ತರಗತಿ ತೆಗೆದುಕೊಳ್ಳಬಲ್ಲೆ. ಸೋಮವಾರ ಮತ್ತು ಬುಧವಾರ ಬೆಳಿಗ್ಗೆ ಕೋರ್ಸ್‌ವರ್ಕ್ ಹಾಗೂ ಶುಕ್ರವಾರ ಉಪಕರಣದ ಸರದಿ ಇರುವುದರಿಂದ ಆ ಹೊತ್ತಿನಲ್ಲಿ ಸಾಧ್ಯವಾಗುವುದಿಲ್ಲ. ತರಗತಿಯ ದಿನ ಸಂಜೆ 6.30ರವರೆಗೆ ಪ್ರಯೋಗಾಲಯದಲ್ಲಿರುತ್ತೇನೆ. ಈ ವೇಳೆಗೆ ನನ್ನ ಮಾರ್ಗದರ್ಶಕರ ಒಪ್ಪಿಗೆ ಇದೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ, ದಿನಾಂಕ)

ಲಗತ್ತುಗಳು: ವ್ಯಕ್ತಿವಿವರ, ಎಂ.ಎಸ್ಸಿ. ಅಂಕಪಟ್ಟಿಗಳ ನಕಲು.

‘ಮೂಲಕ’ ಎಂಬ ಸಾಲನ್ನು ಬಿಡಬೇಡಿ. ಮಾರ್ಗದರ್ಶಕರ ಸಹಿಯಿಲ್ಲದ ಅರ್ಜಿಯನ್ನು ಮುಖ್ಯಸ್ಥರು ಬದಿಗಿಟ್ಟು, ಮೊದಲು ಅವರನ್ನು ಕೇಳಿಕೊಂಡು ಬನ್ನಿ ಎನ್ನುತ್ತಾರೆ. ಅಷ್ಟರಲ್ಲಿ ಟೈಮ್‌ಟೇಬಲ್ ತುಂಬಿರುತ್ತದೆ. ಪತ್ರವನ್ನು ಮಾರ್ಗದರ್ಶಕರ ಮುಂದೆ ಇಡುವಾಗ ವೇಳೆಯ ಭಾಗವನ್ನು ಅವರೆದುರೇ ಓದಿ ಹೇಳಿ. ಶುಕ್ರವಾರದ ಸರದಿ ಮುಂದಿನ ತಿಂಗಳು ಗುರುವಾರಕ್ಕೆ ಬದಲಾಗುವ ಸಂಭವವಿದ್ದರೆ ಅದು ಅಲ್ಲಿಯೇ ಗೊತ್ತಾಗುತ್ತದೆ, ಬದಲಿ ದಿನವನ್ನು ತಿದ್ದಿಕೊಳ್ಳಬಹುದು. ನಿಮಗೆ ಫೆಲೋಶಿಪ್ ಬರುತ್ತಿದ್ದರೆ ಅದರ ಷರತ್ತುಗಳು ಇಂತಹ ಕೆಲಸಕ್ಕೆ, ಅದಕ್ಕೆ ಕೊಡುವ ಹಣಕ್ಕೆ ಅಡ್ಡಿಯಾಗುತ್ತವೆಯೇ ಎಂಬುದನ್ನೂ ಅದೇ ಹೊತ್ತಿನಲ್ಲಿ ಕೇಳಿಕೊಳ್ಳಿ.

ಎರಡು ಪ್ರತಿ ತೆಗೆದು, ಒಂದನ್ನು ವಿಭಾಗದ ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕರಿಸಿದ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಕೋರ್ಸ್‌ವರ್ಕ್ ವೇಳಾಪಟ್ಟಿ ನಡುವೆ ಬದಲಾದರೆ, ಬಾಯಿಮಾತಿನಲ್ಲಿ ಹೇಳಿ ಬಿಡದೆ, ಈ ಪತ್ರವನ್ನು ಉಲ್ಲೇಖಿಸಿ ಹೊಸ ದಿನ ಮತ್ತು ಹೊತ್ತನ್ನು ಎರಡು ಸಾಲಿನಲ್ಲಿ ಬರೆದು ಕಚೇರಿಗೆ ಕೊಡಿ.